ಬಿಳಿ ಎಳೆಗೆ ಮೊದಲ ಬಹುಮಾನ

ಕೇಳುಗರಿಗೆ ನಮಸ್ಕಾರ. ಕಲಬುರಗಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಕ್ರಾಂತಿಗೆ ರಂಗೋಲಿ ಸ್ಪರ್ಧೆ ಇಟ್ಟಿದ್ದೆವು. ಮೊದಲ ಬಹುಮಾನ 304ನೇ ಮನೆಯ ಕಾಕು ಅವರಿಗೆ. ಎರಡನೆಯದು 102ರ ತಾಯಿ ಮಗಳಿಗೆ. ಮೂರನೆಯದು ಹಿಂದಿನ ಬ್ಲಾಕಿನ ಕಾಲೇಜು ಹುಡುಗನಿಗೆ. ಎಲ್ಲರಿಗೂ ಅಭಿನಂದನೆ.

ಕಾಕು ಬಣ್ಣವನ್ನೇ ಮುಟ್ಟಲಿಲ್ಲ. ಬರೀ ಬಿಳಿ ಪುಡಿಯ ಎಳೆ ರಂಗೋಲಿಗೆ ಮೊದಲ ಬಹುಮಾನ ಯಾಕೆ ಅಂತ ಬಹಳ ಮಂದಿ ಕೇಳಿದರು. ಅದನ್ನು ಹೇಳಲೇಬೇಕು.

ಅವರದು 15ರಿಂದ 8ರವರೆಗಿನ ಸಂದು ಚುಕ್ಕಿ. ನಡುವಿನ ಸಾಲಿನಲ್ಲಿ 15 ಚುಕ್ಕಿ. ಮೇಲಕ್ಕೂ ಕೆಳಕ್ಕೂ ಸಾಲಿಗೊಂದು ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸಬೇಕು. ಒಟ್ಟು 169 ಚುಕ್ಕಿ. ಹೊಸ ಸಾಲಿನ ಪ್ರತಿ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಬೀಳಬೇಕು. ಆಮೇಲೆ ಎಳೆ ಚುಕ್ಕಿಯನ್ನು ಸುತ್ತಬೇಕು, ಮುಟ್ಟಬಾರದು. ಶುರುವಾದ ಕಡೆಗೇ ಬಂದು ಕೂಡಬೇಕು. ಒಂದು ಚುಕ್ಕಿ ಜಾಸ್ತಿಯಾದರೂ ಎಳೆಯನ್ನು ಎಳೆದಾಡಿ ಸೇರಿಸಬೇಕಾಗುತ್ತದೆ, ಆ ಜಾಗ ಉಬ್ಬಿಕೊಳ್ಳುತ್ತದೆ. ಇಂಥದೇ ಇನ್ನೊಂದು ರಂಗೋಲಿಯಲ್ಲಿ ಹಾಗೇ ಆಗಿತ್ತು. ನಡುವಿನ ಸಾಲಿನಿಂದ ಮೇಲಕ್ಕೆ ಮೂರನೇ ಸಾಲಿನಲ್ಲಿ 12 ಇರಬೇಕಾದಲ್ಲಿ 13 ಬಿದ್ದಿದ್ದವು. ಬಣ್ಣ ತುಂಬಿದ್ದರೆ ಮುಚ್ಚಿಹೋಗುತ್ತಿತ್ತು, ಬರೀ ಎಳೆಯಲ್ಲಿ ಮುಚ್ಚುವುದೆಲ್ಲಿ?

ನಮ್ಮ ಅಂಗಳಕ್ಕೆ ಹಾಸಿದ್ದು ಶಹಾಬಾದ್ ಕಲ್ಲು. ಬಿಳಿ ಪುಡಿ ಅದರ ಮೇಲೆ ಚೆನ್ನಾಗಿ ಎದ್ದು ಕಾಣುತ್ತದೆ. ಆದರೆ ಕಲ್ಲಿನ ಸಂದಿ ಬಂದಲ್ಲಿ ಪುಡಿ ಒಳಗೆ ಇಳಿದು ಎಳೆ ತುಂಡಾಗುತ್ತದೆ. ಕಾಕು ಹಿಂದಿನ ಸಂಜೆಯೇ ಸಂದಿಗಳಿಗೆ ಕೆಮ್ಮಣ್ಣು ಕಲಸಿ ಮೆತ್ತಿದ್ದರು. ಬೆಳಿಗ್ಗೆ ನೀರು ಹೊಡೆದ ಕೂಡಲೇ ರಂಗೋಲಿಗೆ ಕೂರಲಿಲ್ಲ. ಕಲ್ಲು ಬರೀ ತಂಪು ಉಳಿಯುವವರೆಗೂ ಕಾದರು. ನೀರು ನಿಂತಿದ್ದರೆ ಪುಡಿ ನೆನೆದು ಬೂದು ಬಣ್ಣಕ್ಕೆ ತಿರುಗುತ್ತದೆ, ಅಲ್ವಾ?

ತಾಯಿ ಮಗಳ ನವಿಲಿನಲ್ಲಿ ಬಣ್ಣದ ಕೆಲಸ ಸೊಗಸಾಗಿತ್ತು. ಬಣ್ಣಕ್ಕೆ ಜರಡಿ ಹಿಡಿದ ಸಣ್ಣ ಮರಳು ಬೆರೆಸಿದ್ದರು. ಹಾಗಾಗಿ ಎಲ್ಲೂ ಗಂಟು ಕಟ್ಟದೆ ಬೆರಳಿನಿಂದ ಸಮನಾಗಿ ಉದುರಿತು. ಕತ್ತಿನ ನೀಲಿ ಹಸಿರಿಗೆ ತಿರುಗುವ ಜಾಗದಲ್ಲಿ ಗೆರೆಯೇ ಕಾಣುತ್ತಿರಲಿಲ್ಲ. ಹುಡುಗನ ಕಬ್ಬು ಮತ್ತು ಗಡಿಗೆಯ ಚಿತ್ರವೂ ಚಂದವಿತ್ತು, ಅಂಚು ಮಾತ್ರ ಅಲ್ಲಲ್ಲಿ ದಪ್ಪವಾಗಿತ್ತು.

ತೀರ್ಪುಗಾರರಿಗೆ ಮನಸಾರೆ ವಂದನೆ. ಒಬ್ಬರು ನಿವೃತ್ತ ಡ್ರಾಯಿಂಗ್ ಮಾಸ್ತರರು, ಇನ್ನೊಬ್ಬರು ನಮ್ಮ ಓಣಿಯ ಹಿರಿಯ ಅವ್ವ. ಮೊದಲು ಮೇಲಿನ ಮಹಡಿಯಿಂದ ನೋಡಿ ಎಡ ಬಲ ಸಮವಿದೆಯಾ ಅಂತ ತಾಳೆ ಹಾಕಿದರು. ಆಮೇಲೆ ಕೆಳಗಿಳಿದು, ಮಂಡಿಯೂರಿ ಚುಕ್ಕಿ ಎಣಿಸಿದರು. ಅವ್ವನವರು ಸೋತವರ ಹತ್ತಿರವೂ ಕೂತು, ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸಿದರು. ಅದಕ್ಕೆ ನಾವು ಋಣಿಗಳು.

ಚಳಿಯಲ್ಲಿ ನಸುಕಿಗೇ ಎದ್ದು ಬಂದ ಎಲ್ಲ ಸ್ಪರ್ಧಿಗಳಿಗೂ, ಮಧ್ಯಾಹ್ನದವರೆಗೆ ಬೈಕುಗಳನ್ನು ಹಿಂದಿನ ಗೇಟಿಗೆ ಕಳಿಸಿದ ವಾಚ್‌ಮನ್ ಅಣ್ಣನಿಗೂ ಧನ್ಯವಾದ. ಎಳೆ ರಂಗೋಲಿ ಕಲಿಯುವ ಆಸೆ ಇರುವ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಕಾಕು ಭಾನುವಾರ ಸಂಜೆ ಹೇಳಿಕೊಡುತ್ತಾರೆ. ಮೊದಲಿಗೆ 7ರಿಂದ 4ರ ಸಂದು ಚುಕ್ಕಿ. ಪುಡಿ ಅವರೇ ತರುತ್ತಾರೆ. ನಮಸ್ಕಾರ.