ಕೋಪ ಬಂದದ್ದು ರಾಜನಿಗೆ, ಮಾರ್ಕು ಹೋದದ್ದು ಹುಡುಗನಿಗೆ

ನಮಸ್ಕಾರ. ಉಡುಪಿಯಿಂದ ಮಾತಾಡ್ತಾ ಇದ್ದೇನೆ, ಹೊರಗೆ ಮಳೆ ಜೋರುಂಟು, ಸದ್ದು ಕೇಳಿಸಿದರೆ ಸ್ವಲ್ಪ ಸುಧಾರಿಸಿಕೊಳ್ಳಿ.

ಅಕ್ಕನ ಮಗನಿಗೆ ವ್ಯಾಕರಣದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು. 'ರಾಜನಿಗೆ ಕೋಪ ಬಂತು.' ಇದರಲ್ಲಿ ಕರ್ತೃ ಯಾರು? ಅವನು 'ರಾಜ' ಅಂತ ಬರೆದ, ಕೆಂಪು ಗೀಟು ಬಿತ್ತು. ಸರಿ ಉತ್ತರ 'ಕೋಪ' ಅಂತೆ.

ಟೀಚರ ಲೆಕ್ಕ ನನಗೆ ಅರ್ಥವಾಗ್ತದೆ. 'ಬಂತು' ಅನ್ನುವ ಕ್ರಿಯಾಪದ ಕೋಪಕ್ಕೆ ಹೊಂದಿಕೊಂಡಿದೆ, ರಾಜನಿಗಲ್ಲ; ರಾಜನಿಗೆ ಹೊಂದುವುದಾದರೆ 'ಬಂದ' ಆಗಬೇಕಿತ್ತು. ಹಾಗೆಯೇ 'ನನಗೆ ಅಜ್ಜಿ ನೆನಪಾದಳು' ಅಂತೇವೆ. ನೆನಪಿಸಿಕೊಂಡದ್ದು ನಾನಾದರೂ ಕ್ರಿಯಾಪದ ಹೋಗುವುದು ಅಜ್ಜಿಯ ಹಿಂದೆ. ಇಷ್ಟು ನಿಜ. ಆದರೆ ಇಲ್ಲಿಗೇ ನಿಲ್ಲಿಸಿದ್ದು ತಪ್ಪು ಅಂತ ನನ್ನ ವಾದ.

ಎರಡು ವಾಕ್ಯ ಕೇಳಿ. 'ಅಪ್ಪ ಮಗನಿಗೆ ತನ್ನ ಕೊಡೆ ಕೊಟ್ಟ.' ಕೊಡೆ ಯಾರದ್ದು? ಅಪ್ಪನದ್ದು. ಈಗ, 'ಬಸ್ಸಿಂದ ಇಳಿದ ಮೇಲೆ ಮಗನಿಗೆ ತನ್ನ ಕೊಡೆ ನೆನಪಾಯಿತು.' ಈಗ ಕೊಡೆ ಮಗನದ್ದು. ಎರಡರಲ್ಲೂ ಇರುವುದು ಅದೇ 'ಮಗನಿಗೆ', ಅದೇ ಚತುರ್ಥಿ ವಿಭಕ್ತಿ. ಮೊದಲನೆಯದರಲ್ಲಿ ಅವನು ಬರೀ ತೆಗೆದುಕೊಳ್ಳುವವನು. ಎರಡನೆಯದರಲ್ಲಿ 'ತನ್ನ' ಅನ್ನುವ ಪದ ಅವನನ್ನೇ ಯಜಮಾನ ಅಂತ ಹಿಡಿದುಕೊಂಡಿತು. ಸಾಮಾನ್ಯವಾಗಿ 'ತನ್ನ' ಹೀಗೆ ಹಿಡಿಯುವುದು ಕರ್ತೃವನ್ನು. (ಈ ಪರೀಕ್ಷೆ ನಾನು, ನೀನು ಇರುವಲ್ಲಿ ನಡೆಯುವುದಿಲ್ಲ, ಮೂರನೆಯವರು ಬೇಕು.)

ಇನ್ನೊಂದು: 'ರಥಬೀದಿಯಲ್ಲಿ ನಡೆದು ನಡೆದು ಅಜ್ಜಿಗೆ ಸುಸ್ತಾಯಿತು.' ನಡೆದವರು ಯಾರು? 'ಆಯಿತು' ಹೊಂದಿಕೊಂಡಿರುವುದು ಸುಸ್ತಿಗೆ. ಆದರೆ ಸುಸ್ತು ನಡೆಯಲಿಲ್ಲ, ಅಜ್ಜಿ ನಡೆದರು. ಕನ್ನಡ ಮಾತಾಡುವ ಯಾರಿಗೂ ಇದರಲ್ಲಿ ಗೊಂದಲವೇ ಇಲ್ಲ.

ಅಂದರೆ ಹಸಿವು, ಸಿಟ್ಟು, ಬೇಕು, ಗೊತ್ತು ಇಂಥ ಮಾತುಗಳಲ್ಲಿ ಕರ್ತೃವಿನ ಕೆಲಸ ಇಬ್ಬರಿಗೆ ಹಂಚಿಹೋಗಿದೆ. ಕ್ರಿಯಾಪದದ ಹೊಂದಾಣಿಕೆ ಒಬ್ಬರದ್ದು, ವಾಕ್ಯದ ಯಜಮಾನಿಕೆ 'ಗೆ' ಹಚ್ಚಿಕೊಂಡವರದ್ದು. ಹಾಗಂತ ಅರ್ಥ ನೋಡಿ ಕಣ್ಣುಮುಚ್ಚಿ 'ಗೆ' ಹಚ್ಚಲಿಕ್ಕೂ ಆಗುವುದಿಲ್ಲ. 'ನನಗೆ ಗೊತ್ತು' ಅಂತೇವೆ, ಆದರೆ 'ನಾನು ಬಲ್ಲೆ'. ಯಾವ ಪದ ಏನು ಕೇಳ್ತದೆ ಅಂತ ಒಂದೊಂದನ್ನೇ ಕಲಿಯಬೇಕು.

ನಮ್ಮ ಊರಿನವರಿಗಂತೂ ಇದು ಬಾಯಲ್ಲೇ ಉಂಟು. 'ನಂಗೆ ಮಂಗಳೂರಿಗೆ ಹೋಗ್ಲಿಕ್ಕುಂಟು' ಅಂತೇವೆ, ತುಳುವಿನಲ್ಲಿ 'ಎಂಕ್ ಕುಡ್ಲಗ್ ಪೋವರೆ ಉಂಡು'. ಒಂದೇ ವಾಕ್ಯದಲ್ಲಿ ಎರಡು 'ಗೆ', ಒಂದು ಹೋಗುವವರಿಗೆ, ಒಂದು ಊರಿಗೆ. ಕಂಡಕ್ಟರ್ ಯಾರೂ ಮಂಗಳೂರಿನ ಹತ್ತಿರ ಟಿಕೆಟ್ ದುಡ್ಡು ಕೇಳುವುದಿಲ್ಲ.

ನಿನ್ನೆ ರಾತ್ರಿ ಹುಡುಗನನ್ನು ಕೂರಿಸಿ, 'ರಾಜನಿಗೆ ತನ್ನ ಮಂತ್ರಿಯ ಮೇಲೆ ಕೋಪ ಬಂತು' ಅಂತ ಬರೆಸಿದೆ. 'ತನ್ನ' ಯಾರದ್ದು ಮಾರಾಯ, ಗೆರೆ ಎಳೆದು ತೋರಿಸು ಅಂದೆ. ಪೆನ್ಸಿಲ್ ಸೀದಾ ರಾಜನ ಹತ್ತಿರ ಹೋಯಿತು.