ಪಿಂಚಣಿಯ ಹಣ, ತೆರಿಗೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ದಿನಗಳಲ್ಲಿ ನಿವೃತ್ತರ ಮನೆಗಳಿಂದ ಹೆಚ್ಚಾಗಿ ಬರುವ ಪ್ರಶ್ನೆ ಒಂದೇ: ಪಿಂಚಣಿಗೆ ತೆರಿಗೆ ಉಂಟೋ ಇಲ್ಲವೋ? ಇದಕ್ಕೆ ಒಂದೇ ಮಾತಿನ ಉತ್ತರ ಕೊಡಲು ಬರುವುದಿಲ್ಲ. ತಿಂಗಳು ತಿಂಗಳು ಬರುವ ಪಿಂಚಣಿ, ತಿಂಗಳ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಅದರ ಬದಲು ನಿವೃತ್ತಿಯಾದಾಗ ಒಟ್ಟಿಗೆ ಪಡೆಯುವ ಕಮ್ಯುಟೇಷನ್ ಹಣ, ಪಿಂಚಣಿದಾರರು ತೀರಿಕೊಂಡ ಮೇಲೆ ಪತಿಗೋ ಪತ್ನಿಗೋ ಬರುವ ಕುಟುಂಬ ಪಿಂಚಣಿ, ಈ ಮೂರನ್ನೂ ಕಾನೂನು ಬೇರೆ ಬೇರೆಯಾಗಿ ನೋಡುತ್ತದೆ. ಇವತ್ತು ನಾನು ಹೇಳುವ ಲೆಕ್ಕವೆಲ್ಲ 2025-26ನೇ ಹಣಕಾಸು ವರ್ಷದ ಆದಾಯದ್ದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿದ್ದರೂ, ಆ ವರ್ಷದ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ.

ತಿಂಗಳ ಪಿಂಚಣಿಯ ವಿಷಯ ಸರಳ. ಅದನ್ನು ಸಂಬಳವೆಂದೇ ಎಣಿಸುತ್ತಾರೆ. ಹಾಗಾಗಿ ನೌಕರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ನಿವೃತ್ತರಿಗೂ ಸಿಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಅದು 75 ಸಾವಿರ ರೂಪಾಯಿ, ಹಳೆಯದರಲ್ಲಿ 50 ಸಾವಿರ. ಪಿಂಚಣಿ ಚೀಟಿಯಲ್ಲಿ ಮಾತ್ರ ಒಂದು ಸಾಲನ್ನು ಗಮನಿಸಿ. ಮೂಲ ಪಿಂಚಣಿ 45 ಸಾವಿರ ಇದ್ದು, ಅದರಲ್ಲಿ 15 ಸಾವಿರವನ್ನು ನೀವು ಕಮ್ಯೂಟ್ ಮಾಡಿಸಿದ್ದರೆ, ಚೀಟಿಯಲ್ಲಿ 45 ಸಾವಿರ ತೋರಿಸಿ ಕೆಳಗೆ 15 ಸಾವಿರ ಕಳೆದಿರುತ್ತಾರೆ. ತುಟ್ಟಿಭತ್ಯೆಯನ್ನು ಪೂರ್ತಿ 45 ಸಾವಿರದ ಮೇಲೆಯೇ ಲೆಕ್ಕ ಹಾಕುತ್ತಾರೆ. ತೆರಿಗೆಗೆ ಬರುವುದು ಉಳಿದ 30 ಸಾವಿರ ಮತ್ತು ಆ ತುಟ್ಟಿಭತ್ಯೆ. ಮೇಲಿನ 45 ಸಾವಿರವನ್ನೇ ಹಿಡಿದು ರಿಟರ್ನ್ ತುಂಬಿದರೆ, ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟಿದಂತಾಗುತ್ತದೆ.

ಕಮ್ಯುಟೇಷನ್ ಹಣದ ಲೆಕ್ಕದಲ್ಲೇ ಹೆಚ್ಚು ಜನ ಎಡವುವುದು. ಸ್ವಲ್ಪ ನಿಧಾನವಾಗಿ ನೋಡೋಣ.

ಕೇಂದ್ರ ಅಥವಾ ರಾಜ್ಯ ಸರ್ಕಾರದ ನೌಕರರಾಗಿದ್ದವರು, ಸ್ಥಳೀಯ ಸಂಸ್ಥೆಗಳ ನೌಕರರು, ಕಾಯ್ದೆಯ ಮೂಲಕವೇ ಸ್ಥಾಪನೆಯಾದ ನಿಗಮಗಳ ನೌಕರರು, ಇವರಿಗೆ ಕಮ್ಯುಟೇಷನ್‌ನಿಂದ ಬಂದ ಹಣ ಎಷ್ಟೇ ಇದ್ದರೂ ಪೂರ್ತಿ ವಿನಾಯಿತಿ. ಖಾಸಗಿ ಕಂಪನಿಯಿಂದ ನಿವೃತ್ತರಾದವರಿಗೆ ಒಂದು ಮಿತಿ ಇದೆ. ಗ್ರಾಚ್ಯುಟಿ ಸಿಕ್ಕಿದ್ದರೆ ಮೂರನೇ ಒಂದು ಭಾಗಕ್ಕೆ ವಿನಾಯಿತಿ, ಸಿಗದಿದ್ದರೆ ಅರ್ಧಕ್ಕೆ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಯಾವುದರ ಮೂರನೇ ಒಂದು ಭಾಗ ಎಂಬುದೇ ಮುಖ್ಯ. ಕೈಗೆ ಬಂದ ಹಣದ ಮೂರನೇ ಒಂದು ಭಾಗವಲ್ಲ. ಇಡೀ ಪಿಂಚಣಿಯನ್ನು ಕಮ್ಯೂಟ್ ಮಾಡಿಸಿದ್ದರೆ ಎಷ್ಟು ಬರುತ್ತಿತ್ತೋ, ಆ ಪೂರ್ಣ ಮೊತ್ತದ ಮೂರನೇ ಒಂದು ಭಾಗ.

ದಾವಣಗೆರೆಯ ಒಂದು ಖಾಸಗಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 30 ಸಾವಿರ ಪಿಂಚಣಿ. ಅದರಲ್ಲಿ 12 ಸಾವಿರವನ್ನು, ಅಂದರೆ ಶೇಕಡಾ 40ರಷ್ಟನ್ನು ಕಮ್ಯೂಟ್ ಮಾಡಿಸಿ 12 ಲಕ್ಷ ರೂಪಾಯಿ ಪಡೆದರು. ಗ್ರಾಚ್ಯುಟಿಯೂ ಬಂದಿದೆ. ಶೇಕಡಾ 40ಕ್ಕೆ 12 ಲಕ್ಷವಾದರೆ ಇಡೀ ಪಿಂಚಣಿಗೆ 30 ಲಕ್ಷ. ಅದರ ಮೂರನೇ ಒಂದು ಭಾಗ 10 ಲಕ್ಷ. ಇಷ್ಟಕ್ಕೆ ವಿನಾಯಿತಿ, ಉಳಿದ 2 ಲಕ್ಷ ಮಾತ್ರ ಆ ವರ್ಷದ ಸಂಬಳಕ್ಕೆ ಸೇರುತ್ತದೆ. ತಪ್ಪು ಲೆಕ್ಕ ಹಾಕಿ 12 ಲಕ್ಷದ ಮೂರನೇ ಒಂದು ಭಾಗ ತೆಗೆದರೆ ವಿನಾಯಿತಿ 4 ಲಕ್ಷಕ್ಕೆ ಇಳಿಯುತ್ತದೆ, 8 ಲಕ್ಷಕ್ಕೆ ತೆರಿಗೆ ಬೀಳುತ್ತದೆ. ಜೀವಮಾನದ ದುಡಿಮೆಯ ಹಣ ಹೀಗೆ ಕೈತಪ್ಪಬಾರದು. ಇದೇ ವ್ಯಕ್ತಿಗೆ ಗ್ರಾಚ್ಯುಟಿ ಬಂದಿರದಿದ್ದರೆ 30 ಲಕ್ಷದ ಅರ್ಧ, ಅಂದರೆ 15 ಲಕ್ಷದವರೆಗೆ ವಿನಾಯಿತಿ. ಆಗ 12 ಲಕ್ಷವೂ ತೆರಿಗೆಯಿಂದ ಹೊರಗೆ.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಗ್ರಾಚ್ಯುಟಿ ಪಡೆದವರು ಪಿಂಚಣಿಯ ಮೂರನೇ ಒಂದು ಭಾಗವನ್ನಷ್ಟೇ ಕಮ್ಯೂಟ್ ಮಾಡಿಸಿದರೆ, ಬಂದ ಹಣ ಪೂರ್ತಿಯಾಗಿ ವಿನಾಯಿತಿಯೊಳಗೇ ಬರುತ್ತದೆ. ಅದಕ್ಕಿಂತ ಹೆಚ್ಚು ಮಾಡಿಸಬೇಕೇ ಎಂದು ಯೋಚಿಸುವವರು ಅರ್ಜಿಗೆ ಸಹಿ ಹಾಕುವ ಮೊದಲೇ ಈ ಲೆಕ್ಕ ಮಾಡಿ ನೋಡಲಿ. ಈ ವಿನಾಯಿತಿ ಹೊಸ ಪದ್ಧತಿಯಲ್ಲೂ ಉಂಟು. ಮಿತಿ ಮೀರಿದ ಮೊತ್ತದಿಂದಾಗಿ ಆ ಒಂದು ವರ್ಷ ತೆರಿಗೆ ಏರಿದರೆ, ರಿಟರ್ನ್ ಸಲ್ಲಿಸುವ ಮೊದಲು ಫಾರಂ 10ಇ ತುಂಬಿ ಪರಿಹಾರ ಕೇಳುವ ದಾರಿಯೂ ಇದೆ.

ಇನ್ನು ಕುಟುಂಬ ಪಿಂಚಣಿ. ಯಜಮಾನರ ಪಿಂಚಣಿಯೇ ತಾನೇ ನಮಗೆ ಬರುತ್ತಿರುವುದು ಎಂದು ಅನೇಕ ತಾಯಂದಿರು ಅದನ್ನು ಸಂಬಳದ ಭಾಗದಲ್ಲೇ ತೋರಿಸಿಬಿಡುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. ಆ ಕಚೇರಿಯಲ್ಲಿ ಕೆಲಸ ಮಾಡಿದವರು ಆಕೆಯಲ್ಲ, ಆದ್ದರಿಂದ ಅದು ಆಕೆಗೆ ಸಂಬಳವಲ್ಲ, ಇತರ ಮೂಲಗಳ ಆದಾಯ. ಹಾಗಾಗಿ 75 ಸಾವಿರದ ಕಡಿತ ಇಲ್ಲ. ಬಂದ ಹಣದ ಮೂರನೇ ಒಂದು ಭಾಗ ಅಥವಾ 25 ಸಾವಿರ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಕಳೆಯಬಹುದು. ಹಳೆಯ ಪದ್ಧತಿಯಲ್ಲಿ 25ರ ಬದಲು 15 ಸಾವಿರ.

ವ್ಯತ್ಯಾಸ 50 ಸಾವಿರ ತಾನೇ ಎನ್ನಬೇಡಿ. 58 ವರ್ಷದ ಒಬ್ಬ ಮಹಿಳೆಗೆ ತಿಂಗಳಿಗೆ 45 ಸಾವಿರ ಕುಟುಂಬ ಪಿಂಚಣಿ, ವರ್ಷಕ್ಕೆ 5 ಲಕ್ಷ 40 ಸಾವಿರ. ಮನೆ ಬಾಡಿಗೆಯಿಂದ, ನಿಯಮದಂತೆ ಕಳೆಯಬೇಕಾದ್ದನ್ನೆಲ್ಲ ಕಳೆದ ಮೇಲೆ, ಮತ್ತು ಬ್ಯಾಂಕ್ ಬಡ್ಡಿಯಿಂದ ಸೇರಿ 7 ಲಕ್ಷ. 75 ಸಾವಿರ ಕಳೆದರೆ ಆದಾಯ 11 ಲಕ್ಷ 65 ಸಾವಿರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ ಎಂದು ಆಕೆ ನೆಮ್ಮದಿಯಾಗಿದ್ದರು. ಸರಿಯಾಗಿ 25 ಸಾವಿರ ಕಳೆದರೆ ಆದಾಯ 12 ಲಕ್ಷ 15 ಸಾವಿರ. ಗಡಿ ಸ್ವಲ್ಪವೇ ದಾಟಿದವರಿಗೆ, ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಹಾಕುವುದಿಲ್ಲ. ಆದ್ದರಿಂದ 15 ಸಾವಿರ ತೆರಿಗೆ, ಅದರ ಮೇಲೆ ಶೇಕಡಾ 4ರಂತೆ 600 ರೂಪಾಯಿ ಸೆಸ್. ಒಟ್ಟು 15,600.

ಆಕೆಗೆ ಇದು ಮೊದಲೇ ತಿಳಿಯದಿರಲು ಕಾರಣವಿದೆ. ತಿಂಗಳ ಪಿಂಚಣಿ ಸಂಬಳವಾದ್ದರಿಂದ ಬ್ಯಾಂಕು ಟಿಡಿಎಸ್ ಕಡಿದು ಫಾರಂ 16 ಕೊಡುತ್ತದೆ. ಕುಟುಂಬ ಪಿಂಚಣಿ ಸಂಬಳವಲ್ಲವಾದ್ದರಿಂದ ಸಂಬಳದ ಟಿಡಿಎಸ್ ಅದಕ್ಕಿಲ್ಲ. ಕಡಿತವಿಲ್ಲ ಎಂದರೆ ತೆರಿಗೆಯೇ ಇಲ್ಲ ಎಂದರ್ಥವಲ್ಲ. ಆಕೆಗೆ ಇನ್ನೂ 60 ತುಂಬಿಲ್ಲ. ಬಡ್ಡಿಯ ಮೇಲೆ ಕಡಿದ ಟಿಡಿಎಸ್ ಕಳೆದೂ 10 ಸಾವಿರ ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಬಾಕಿ ಬರುವಂತಿದ್ದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು, ತಡವಾದರೆ ಬಡ್ಡಿ ಬೀಳುತ್ತದೆ. 60 ತುಂಬಿದ, ವ್ಯಾಪಾರ-ವೃತ್ತಿಯ ಆದಾಯವಿಲ್ಲದ ಹಿರಿಯರಿಗೆ ಈ ಬಾಧ್ಯತೆ ಇಲ್ಲ. ಅವರು ರಿಟರ್ನ್ ಸಲ್ಲಿಸುವಾಗ ಕಟ್ಟಿದರೆ ಸಾಕು.

ಒಂದು ವಿನಾಯಿತಿಯನ್ನು ಹೇಳಲೇಬೇಕು. ಕಾರ್ಯಾಚರಣೆಯ ಕರ್ತವ್ಯದಲ್ಲಿರುವಾಗ ಪ್ರಾಣ ಕೊಟ್ಟ ಸೇನಾ ಸಿಬ್ಬಂದಿಯ ಪತ್ನಿ, ಮಕ್ಕಳು ಅಥವಾ ನಾಮನಿರ್ದೇಶಿತ ವಾರಸುದಾರರು ಪಡೆಯುವ ಕುಟುಂಬ ಪಿಂಚಣಿಗೆ, ನಿಯಮಗಳಿಗೆ ಒಳಪಟ್ಟು, ತೆರಿಗೆಯೇ ಇಲ್ಲ.

ವರ್ಷದ ನಡುವೆ ಪಿಂಚಣಿದಾರರು ತೀರಿಕೊಂಡರೆ ಲೆಕ್ಕ ಎರಡಾಗುತ್ತದೆ. ತೀರಿಕೊಂಡ ದಿನದವರೆಗಿನ ಪಿಂಚಣಿ ಅವರದೇ ಸಂಬಳ. ರಿಟರ್ನ್ ಸಲ್ಲಿಸಬೇಕಾದಷ್ಟು ಆದಾಯವಿದ್ದರೆ, ಅವರ ಪ್ಯಾನ್‌ನಲ್ಲೇ, ವಾರಸುದಾರರು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಾನೂನುಬದ್ಧ ವಾರಸುದಾರರೆಂದು ನೋಂದಾಯಿಸಿಕೊಂಡು ಅದನ್ನು ಸಲ್ಲಿಸಬೇಕು. ಸ್ಟ್ಯಾಂಡರ್ಡ್ ಡಿಡಕ್ಷನ್ ಆ ರಿಟರ್ನ್‌ನಲ್ಲಿ ಸಿಗುತ್ತದೆ. ಮರುದಿನದಿಂದ ಶುರುವಾಗುವ ಕುಟುಂಬ ಪಿಂಚಣಿ ಪತ್ನಿಯ ಪ್ಯಾನ್‌ಗೆ, ಪತ್ನಿಯ ರಿಟರ್ನ್‌ಗೆ. ಪಾಸ್‌ಬುಕ್ಕಿನಲ್ಲಿ ಎರಡೂ ಒಂದರ ಕೆಳಗೊಂದು ಒಂದೇ ಜಂಟಿ ಖಾತೆಗೆ ಜಮೆಯಾಗಿರಬಹುದು. ಹಾಗಾಗಿ ಬ್ಯಾಂಕಿನಿಂದ ಯಾವ ತಾರೀಖಿನವರೆಗೆ ಪಿಂಚಣಿ, ಯಾವ ತಾರೀಖಿನಿಂದ ಕುಟುಂಬ ಪಿಂಚಣಿ ಎಂದು ನಮೂದಿಸಿದ ವಿವರಪಟ್ಟಿಯನ್ನು ಕೇಳಿ ಪಡೆದು, ಅದನ್ನು ಎದುರಿಗಿಟ್ಟುಕೊಂಡೇ ಎರಡೂ ರಿಟರ್ನ್ ತುಂಬಿ.

ನಮಸ್ಕಾರ.