ಕಣ್ಣು ಪರದೆ ಮೇಲಿತ್ತು, ಬಾಟಲಿ ಮೇಲಿತ್ತಾ?

ಕೋಲಾರದ ಒಂದು ಟೊಮೆಟೊ ಸಾಸ್ ಘಟಕದವರು 30 ಸೆಕೆಂಡಿನ ಜಾಹೀರಾತು ಮಾಡಿಸಿದ್ದಾರೆ ಅಂದ್ಕೊಳ್ಳಿ. ಕೊನೆಯ 3 ಸೆಕೆಂಡಲ್ಲಿ ನಡುಮಧ್ಯೆ ದೋಸೆ ತಿಂದು ನಗುವ ಮಗು, ಬಲಗಡೆ ಕೆಳಮೂಲೆಯಲ್ಲಿ ಬಾಟಲಿ ಮತ್ತು ಸಾಸಿನ ಹೆಸರು. ಎಂಟು ಜನರನ್ನು ಕೂರಿಸಿ, ಲ್ಯಾಪ್‌ಟಾಪ್ ಕ್ಯಾಮೆರಾದಿಂದ ಅವರ ನೋಟ ಎಲ್ಲೆಲ್ಲಿ ಹೋಯ್ತು ಅಂತ ದಾಖಲಿಸಿದರು. ‘ಯಾರೂ ಪರದೆ ಬಿಟ್ಟು ಕಣ್ಣು ತೆಗೀಲಿಲ್ಲ, ನೂರಕ್ಕೆ ನೂರು ಗಮನ’ ಅಂತ ವರದಿ ಬಂತು.

ನನ್ನ ತಕರಾರು ಈ ವರದಿಯ ಬಗ್ಗೆಯೇ. ಪರದೆ ನೋಡಿದ್ದು ಬೇರೆ, ಹೆಸರು ನೋಡಿದ್ದು ಬೇರೆ. ಶಾಟ್ ಬದಲಾದಾಗ ನಮ್ಮ ನೋಟ ಸಾಮಾನ್ಯವಾಗಿ ಪರದೆಯ ನಡುವಿಗೆ ಬರುತ್ತೆ, ಅಲ್ಲಿ ಮುಖ ಇದ್ದರಂತೂ ಅಲ್ಲೇ ಅಂಟಿಕೊಳ್ಳುತ್ತೆ. ಹಾಗಾಗಿ ಕೇಳಬೇಕಾದ್ದು ಒಂದೇ: ಶಾಟ್ ಮುಗಿಯೋದರೊಳಗೆ ಕಣ್ಣು ಆ ಹೆಸರಿನ ಮೇಲೆ ನಿಂತಿತಾ?

ಇದಕ್ಕೆ ಲ್ಯಾಪ್‌ಟಾಪ್ ಕ್ಯಾಮೆರಾ ಸಾಕಾಗುತ್ತಾ ಅಂತ ಮೊದಲು ನೋಡಿ. 60 ಸೆಂಟಿಮೀಟರ್ ದೂರದಲ್ಲಿ ಕೂತರೆ ಒಂದು ಡಿಗ್ರಿ ತಪ್ಪು ಅಂದರೆ ಪರದೆ ಮೇಲೆ ಸುಮಾರು ಒಂದು ಸೆಂಟಿಮೀಟರ್. ಇಂಥ ಕ್ಯಾಮೆರಾ ಎರಡು, ಮೂರು ಡಿಗ್ರಿ ತಪ್ಪೋದು ಮಾಮೂಲು. ಹೆಸರಿನ ಎತ್ತರ ಎರಡು ಸೆಂಟಿಮೀಟರ್ ಇದ್ದರೆ, ನೋಡಿದ್ದು ಹೆಸರನ್ನೋ ಪಕ್ಕದ ತಟ್ಟೆಯನ್ನೋ ಹೇಳೋಕಾಗಲ್ಲ. ಬೆನ್ನ ಹಿಂದೆ ಕಿಟಕಿ ಇದ್ದರೆ, ಕನ್ನಡಕ ಹೊಳೆದರೆ ಇನ್ನೂ ಕೆಡುತ್ತೆ. ಅದಕ್ಕೇ ಚಿತ್ರ ಮುಗಿದ ಮೇಲೂ ನಾಲ್ಕು ಮೂಲೆಯಲ್ಲಿ ಒಂದೊಂದು ಚುಕ್ಕೆ ತೋರಿಸಿ, ‘ಇದನ್ನೇ ನೋಡಿ’ ಅನ್ನಿ. ಚುಕ್ಕೆ ಒಂದು ಕಡೆ, ದಾಖಲಾದ ನೋಟ ಮೂರು ಸೆಂಟಿಮೀಟರ್ ಆಚೆ ಬಂದರೆ ಆ ವ್ಯಕ್ತಿಯ ದಾಖಲೆಯನ್ನು ಮುಲಾಜಿಲ್ಲದೆ ಬಿಟ್ಟುಬಿಡಿ.

ಇನ್ನು ಮುಖಭಾವ. ‘22ನೇ ಸೆಕೆಂಡಿಗೆ ಹುಬ್ಬು ಗಂಟಿಕ್ಕಿದರು, ಇಷ್ಟವಾಗಿಲ್ಲ’ ಅಂತ ಬರೆಯೋದು ತಪ್ಪು. ಸಣ್ಣ ಅಕ್ಷರ ಓದುವಾಗಲೂ, ಬೆಳಕು ಕಣ್ಣಿಗೆ ಹೊಡೆದಾಗಲೂ ಹುಬ್ಬು ಗಂಟಾಗುತ್ತೆ. ಚಿತ್ರಕ್ಕೆ ಮೊದಲು ಹತ್ತು ಸೆಕೆಂಡ್ ಸುಮ್ಮನೆ ಕೂತ ಮುಖವನ್ನೂ ರೆಕಾರ್ಡ್ ಮಾಡಿ. ಕೆಲವರ ಹುಬ್ಬು ಇರೋದೇ ಹಾಗೆ. ಆಮೇಲೆ ಇಬ್ಬರು ಬೇರೆ ಬೇರೆ ಕೂತು ಆ ಮುಖಗಳ ರೆಕಾರ್ಡಿಂಗ್ ನೋಡಿ, ಜಾಹೀರಾತಿನ ಧ್ವನಿ ಕೇಳದೆ, ಕಂಡದ್ದನ್ನಷ್ಟೇ ಬರೀಲಿ: ತುಟಿ ಅಗಲಿತು, ತಲೆ ಹಿಂದೆ ಹೋಯ್ತು. ಇಬ್ಬರದೂ ತಾಳೆಯಾದದ್ದನ್ನು ಮಾತ್ರ ಇಟ್ಟುಕೊಳ್ಳಿ. ಇದೆಲ್ಲಕ್ಕೂ ಮುಂಚೆ, ಮುಖ ರೆಕಾರ್ಡ್ ಆಗುತ್ತೆ ಅಂತ ಹೇಳಿ ಒಪ್ಪಿಗೆ ತಗೊಳ್ಳಲೇಬೇಕು.

ಕಣ್ಣು ನಿಂತ ಮಾತ್ರಕ್ಕೆ ನೆನಪಿರುತ್ತೆ ಅಂತಲೂ ಇಲ್ಲ. ಈ ಜಾಹೀರಾತನ್ನು ಬೇರೆ ಮೂರರ ನಡುವೆ ಇಟ್ಟು ತೋರಿಸಿ, ಹತ್ತು ನಿಮಿಷ ಬಿಟ್ಟು ‘ಯಾವ್ಯಾವ ಹೆಸರು ನೆನಪಿದೆ?’ ಅಂತ ಕೇಳಿ.

ಎಂಟರಲ್ಲಿ ಐವರ ಕಣ್ಣು ಮಗುವಿನ ಮುಖ ಬಿಟ್ಟು ಬರಲೇ ಇಲ್ಲ ಅನ್ನಿ. ಅದನ್ನು ‘ಶೇ. 62.5’ ಅಂತ ಬರೀಬೇಡಿ, ಎಂಟು ಜನರಿಂದ ಊರಿನ ಲೆಕ್ಕ ಬರಲ್ಲ. ಆದರೆ ಶಾಟ್ ತಿದ್ದೋಕೆ ಅಷ್ಟು ಸಾಕು. ಮಗು ಬಾಟಲಿ ಕಡೆ ತಿರುಗಿ ನೋಡಲಿ, ನೋಡುಗರ ಕಣ್ಣೂ ಸಾಮಾನ್ಯವಾಗಿ ಆ ಕಡೆ ಹೋಗುತ್ತೆ. ಮತ್ತೆ ಶೂಟಿಂಗ್ ಆಗಲ್ವಾ? ಮುಖದ ಶಾಟನ್ನು ಒಂದು ಸೆಕೆಂಡಿಗೆ ಕತ್ತರಿಸಿ, ಉಳಿದ ಎರಡು ಸೆಕೆಂಡ್ ಬಾಟಲಿಯನ್ನೇ ನಡುವಿಗೆ ತನ್ನಿ. ತಿದ್ದಿದ್ದನ್ನು ಹೊಸ ಎಂಟು ಜನರಿಗೆ ತೋರಿಸಿ. ಹಳಬರು ಬೇಡ, ಹೆಸರು ಎಲ್ಲಿ ಬರುತ್ತೆ ಅಂತ ಅವರಿಗೆ ಆಗಲೇ ಗೊತ್ತು.